ಫೇಡ್‌ಔಟ್‌ನ ಕೊನೆಯಲ್ಲಿ ತಂಬೂರಿ ಯಾಕೆ ಕರಕರ ಅನ್ನುತ್ತದೆ?

ಪ್ರಶ್ನೆ: ಸರ್, ಗದಗದಲ್ಲಿ ನಮ್ಮದು ಸಣ್ಣ ಸ್ಟುಡಿಯೋ. ಒಬ್ಬ ಗಾಯಕರ ಖಯಾಲ್ ಅನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದೆವು. ಸಿಡಿಗಾಗಿ 16 ಬಿಟ್, 44.1ಕ್ಕೆ ಇಳಿಸಿದ ಮೇಲೆ, ಕೊನೆಯಲ್ಲಿ ತಂಬೂರಿ ಮೆಲ್ಲಗೆ ಕರಗುವ ಕಡೆ ಕರಕರ ಅನ್ನುತ್ತದೆ. ಆಮೇಲೆ ಥಟ್ಟನೆ ನಿಲ್ಲುತ್ತದೆ. ಉಳಿದ 40 ನಿಮಿಷ ಚೆನ್ನಾಗಿಯೇ ಇದೆ. ಅದೇ ಸಿಡಿಯ ಒಂದು ಭಜನೆಯಲ್ಲಿ ತಾಳದ ಹಿಂದೆ ಬೇರೆ ಏನೋ ಸಣ್ಣ ದನಿ ಕೇಳಿಸುತ್ತದೆ. ಡಿದರ್ ಹಾಕಿ ಅಂತ ಒಬ್ಬರು ಹೇಳುತ್ತಾರೆ. ಅದು ಸುಮ್ನೆ ಗದ್ದಲ ಸೇರಿಸುತ್ತದೆ, ಬೇಡ ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಡಿದರ್ ಹಾಕಿ. ಡಿದರ್ ಅಂದರೆ ಬಿಟ್ ಇಳಿಸುವ ಮೊದಲು ದನಿಗೆ ಸೇರಿಸುವ ಅತಿ ಸಣ್ಣ ಶ್. ಅದು ಗದ್ದಲ ಸೇರಿಸುತ್ತದೆ ಅನ್ನುವುದೂ ನಿಜವೇ. ಆ ಗದ್ದಲ ಬೇಕು ಅಂತಲೇ ಹಾಕುವುದು. ಯಾಕೆ ಅಂತ ನಿಮ್ಮ ರೆಕಾರ್ಡಿಂಗ್ ಇಟ್ಟುಕೊಂಡೇ ನೋಡೋಣ. 40 ನಿಮಿಷ ಸರಿ ಇದ್ದು, ಕೊನೆಯ ಕೆಲವೇ ಸೆಕೆಂಡ್ ಕೆಟ್ಟಿದೆ ಅಂದಿರಲ್ಲ, ಸುಳಿವು ಅಲ್ಲೇ ಇದೆ.

16 ಬಿಟ್ ಅಂದರೆ ದನಿಯನ್ನು ಅಳೆಯಲು ಒಟ್ಟು 65,536 ಮೆಟ್ಟಿಲು. ನಿಮ್ಮ 24 ಬಿಟ್ ಮಾಸ್ಟರ್‌ನಲ್ಲಿ ಇದರ ಒಂದೊಂದು ಮೆಟ್ಟಿಲಿನ ಒಳಗೆ ಇನ್ನೂ 256 ಸಣ್ಣ ಮೆಟ್ಟಿಲುಗಳಿವೆ. ಇಳಿಸುವಾಗ ಆ ಸಣ್ಣ ಮೆಟ್ಟಿಲುಗಳೆಲ್ಲ ಹೋಗುತ್ತವೆ. ಪ್ರತಿ ಸ್ಯಾಂಪಲ್ ಹತ್ತಿರದ ದೊಡ್ಡ ಮೆಟ್ಟಿಲಿಗೆ ಹೋಗಿ ಕೂರುತ್ತದೆ. ದನಿ ಜೋರಾಗಿದ್ದಾಗ ಸಾವಿರಾರು ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತದೆ, ಹಾಗಾಗಿ ಅರ್ಧ ಮೆಟ್ಟಿಲಿನ ತಪ್ಪು ಯಾರ ಕಿವಿಗೂ ಬೀಳುವುದಿಲ್ಲ.

ಇನ್ನೊಂದು ಸಂಗತಿ ಇದೆ. ನೀವು ರೆಕಾರ್ಡ್ ಮಾಡಿದ ಕೋಣೆ ಪೂರ್ತಿ ನಿಶ್ಶಬ್ದ ಇರಲಿಲ್ಲ. ಮೈಕಿನದೇ ಒಂದು ಸಣ್ಣ ಶ್ ಇರುತ್ತದೆ, ಪ್ರಿಆಂಪ್‌ನದು ಇರುತ್ತದೆ, ಹೊರಗಿನ ರಸ್ತೆಯದು ಇರುತ್ತದೆ. ಇವೆಲ್ಲ ಸೇರಿ ಸುಮಾರು ಮೈನಸ್ 68 ಡಿಬಿ ಮಟ್ಟದಲ್ಲಿವೆ ಅಂತ ಇಟ್ಟುಕೊಳ್ಳೋಣ. ಸಣ್ಣ ಸ್ಟುಡಿಯೋದಲ್ಲಿ ಇದು ಕೆಟ್ಟದ್ದೇನಲ್ಲ. 16 ಬಿಟ್ ಲೆಕ್ಕದಲ್ಲಿ ಇದು 13 ಮೆಟ್ಟಿಲಿನಷ್ಟು ಅಲುಗಾಟ. ಈ ಅಲುಗಾಟ ಸದಾ ಇರುವುದರಿಂದ ದನಿ ಯಾವ ಮೆಟ್ಟಿಲಿನ ಮೇಲೂ ಗಟ್ಟಿಯಾಗಿ ಕೂರುವುದಿಲ್ಲ. ನೀವು ಡಿದರ್ ಹಾಕದೇ ಇದ್ದರೂ 40 ನಿಮಿಷ ನಿಮ್ಮ ಕೋಣೆಯೇ ಡಿದರ್ ಹಾಕುತ್ತಿತ್ತು.

ಆಮೇಲೆ ಫೇಡ್‌ಔಟ್ ಶುರುವಾಯಿತು. ಫೇಡ್ ಮಾಡಿದಾಗ ತಂಬೂರಿ ಮಾತ್ರ ಇಳಿಯುವುದಿಲ್ಲ, ಕೋಣೆಯ ಶಬ್ದವೂ ಜೊತೆಗೇ ಇಳಿಯುತ್ತದೆ. ನಿಮ್ಮ ತೊಂದರೆ ಹುಟ್ಟಿದ್ದು ಇಲ್ಲಿ.

ಗಾಯನ ಮುಗಿದ ಮೇಲೆ ಬರೀ ತಂಬೂರಿ ಮೈನಸ್ 40 ಡಿಬಿಯಲ್ಲಿದೆ, ನಿಮ್ಮ ಫೇಡ್ ಸೆಕೆಂಡಿಗೆ 5 ಡಿಬಿಯಂತೆ ಇಳಿಯುತ್ತಿದೆ ಅಂತ ಹಿಡಿಯಿರಿ. 6 ಸೆಕೆಂಡಿಗೆ 30 ಡಿಬಿ ಇಳಿದಿರುತ್ತದೆ. ಆಗ ಕೋಣೆಯ ಅಲುಗಾಟ ಅರ್ಧ ಮೆಟ್ಟಿಲಿಗಿಂತ ಕಡಿಮೆ. ಅಂದರೆ ನಿಮ್ಮನ್ನು ಕಾಯುತ್ತಿದ್ದ ಡಿದರ್ ಅಲ್ಲಿಗೆ ಮುಗಿಯಿತು. ಆದರೆ ತಂಬೂರಿ ಇನ್ನೂ ಮೈನಸ್ 70ರಲ್ಲಿದೆ, ಅಂದರೆ ಮೇಲಕ್ಕೆ 10 ಮೆಟ್ಟಿಲು, ಕೆಳಕ್ಕೆ 10 ಮೆಟ್ಟಿಲು. 8ನೇ ಸೆಕೆಂಡಿಗೆ 3 ಮೆಟ್ಟಿಲು ಉಳಿಯಿತು. 10ನೇ ಸೆಕೆಂಡಿಗೆ ಒಂದೇ ಮೆಟ್ಟಿಲು. ತಂತಿಯ ಜವಾರಿ ಝೇಂಕಾರದ ಅಷ್ಟೂ ನಯವಾದ ತಿರುವುಗಳು ಮೇಲೆ ಒಂದು, ಕೆಳಗೆ ಒಂದು, ನಡುವೆ ಸೊನ್ನೆ ಎಂಬ ಮೂರೇ ಅಂಕಿಗಳಲ್ಲಿ ಹಿಡಿಯಬೇಕು. ಆಗುವ ಮಾತಲ್ಲ. 11 ಸೆಕೆಂಡ್ ದಾಟಿದ ಸ್ವಲ್ಪ ಹೊತ್ತಿಗೆ ಅದು ಅರ್ಧ ಮೆಟ್ಟಿಲಿಗಿಂತ ಕೆಳಗಿಳಿಯುತ್ತದೆ, ಎಲ್ಲ ಸ್ಯಾಂಪಲ್ಲೂ ಸೊನ್ನೆಗೆ ಹೋಗಿ ಕೂರುತ್ತದೆ. ನಿಮಗೆ ಥಟ್ಟನೆ ನಿಂತ ಹಾಗೆ ಕೇಳಿಸಿದ್ದು ಅದೇ.

ಥಟ್ಟನೆ ನಿಂತಿತು ಅನ್ನುವುದರಿಂದ ಇನ್ನೊಂದೂ ತಿಳಿಯುತ್ತದೆ. ನಿಮ್ಮ ಸಾಫ್ಟ್‌ವೇರ್ ಹತ್ತಿರದ ಅಂಕಿಗೆ ರೌಂಡ್ ಮಾಡಿದೆ. ಕೆಳಗಿನ 8 ಬಿಟ್‌ಗಳನ್ನು ಸುಮ್ನೆ ಕತ್ತರಿಸಿ ಎಸೆಯುವ ಸಾಫ್ಟ್‌ವೇರ್‌ಗಳೂ ಇವೆ. ಅವುಗಳಲ್ಲಿ ತಂಬೂರಿ ನಿಲ್ಲುವುದೇ ಇಲ್ಲ. ಎಷ್ಟೇ ಇಳಿಸಿದರೂ ಸೊನ್ನೆಗೂ ಮೈನಸ್ ಒಂದಕ್ಕೂ ನಡುವೆ ಜಿಗಿಯುತ್ತಾ, ಒಂದೇ ಮಟ್ಟದ ಜುಂಯ್ ಆಗಿ ಉಳಿದುಬಿಡುತ್ತದೆ.

ಈ ಕರಕರ ಮಾಮೂಲಿ ಶಬ್ದಕ್ಕಿಂತ ಕಿವಿಗೆ ಕೆಟ್ಟದಾಗಿ ಹತ್ತುವುದಕ್ಕೆ ಕಾರಣ ಇದೆ. ಅದು ತಂಬೂರಿಯ ಬೆನ್ನು ಹಿಡಿದೇ ಬರುತ್ತದೆ. ತಂತಿ ಮೀಟಿದಾಗ ಏಳುತ್ತದೆ, ತಂತಿ ತಣ್ಣಗಾದಾಗ ಅಡಗುತ್ತದೆ. ಮತ್ತೊಂದು ತಂತಿ ಮೀಟಿದಾಗ ಮತ್ತೆ ಏಳುತ್ತದೆ. ಸದಾ ಒಂದೇ ಸಮ ಇರುವ ಶ್ ಅನ್ನು ಕಿವಿ ಎರಡು ನಿಮಿಷದಲ್ಲಿ ಮರೆಯುತ್ತದೆ. ಸಂಗೀತದ ಜೊತೆ ಏಳುವ, ಬೀಳುವ ಶಬ್ದವನ್ನು ಮರೆಯುವುದಿಲ್ಲ.

ಡಿದರ್ ಏನು ಮಾಡುತ್ತದೆ ಅನ್ನುವುದಕ್ಕೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ತಕ್ಕಡಿ ಊಹಿಸಿಕೊಳ್ಳಿ. ಅದು ಪೂರ್ತಿ ಕಿಲೋ ಮಾತ್ರ ತೋರಿಸುತ್ತದೆ, ಮೇಲಿನ ಗ್ರಾಂ ಬಿಟ್ಟುಬಿಡುತ್ತದೆ. 40 ಕಿಲೋ 300 ಗ್ರಾಂ ಇರುವ ಚೀಲ ಇಟ್ಟರೆ 40 ಅನ್ನುತ್ತದೆ. ನೂರು ಸಲ ಇಟ್ಟರೂ 40. ರೈತನಿಗೆ ಪ್ರತಿ ಸಲ 300 ಗ್ರಾಂ ಲುಕ್ಸಾನು. ಈಗ ಪ್ರತಿ ಸಲ ತೂಗುವಾಗ ಕಣ್ಣು ಮುಚ್ಚಿಕೊಂಡು, ಸೊನ್ನೆಯಿಂದ ಒಂದು ಕಿಲೋ ಒಳಗಿನ ಯಾವುದೋ ಒಂದು ಕಲ್ಲನ್ನು ಚೀಲದ ಮೇಲಿಡಿ. ಕಲ್ಲು 700 ಗ್ರಾಂ ಅಥವಾ ಜಾಸ್ತಿ ಇದ್ದರೆ ತಕ್ಕಡಿ 41 ತೋರಿಸುತ್ತದೆ, ಇಲ್ಲದಿದ್ದರೆ 40. ನೂರು ಸಲದಲ್ಲಿ ಸುಮಾರು 30 ಸಲ 41, ಉಳಿದ 70 ಸಲ 40. ಸರಾಸರಿ ತೆಗೆದರೆ 40.3. ತಕ್ಕಡಿಗೆ ಕಾಣದೇ ಇದ್ದ 300 ಗ್ರಾಂ ಸಿಕ್ಕಿತು, ಅಲ್ವಾ? ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ತೂಗುತ್ತೇವೆ, ಸರಾಸರಿ ತೆಗೆಯುವ ಕೆಲಸ ಕಿವಿಯೇ ಮಾಡುತ್ತದೆ. ಹಾಗಾಗಿ ಡಿದರ್ ಹಾಕಿದ 16 ಬಿಟ್‌ನಲ್ಲಿ ಒಂದು ಮೆಟ್ಟಿಲಿಗಿಂತ ಸಣ್ಣ ತಂಬೂರಿಯೂ ಶ್ ಒಳಗೆ ಮುಳುಗಿಕೊಂಡು, ಆದರೆ ಸೊಟ್ಟಗಾಗದೆ ಕೇಳಿಸುತ್ತದೆ.

ಆದರೆ ಒಂದೇ ಕಲ್ಲು ಸಾಲದು. ಚೀಲ ಸರಿಯಾಗಿ 40 ಕಿಲೋ ಇದ್ದರೆ ಯಾವ ಕಲ್ಲಿಟ್ಟರೂ 40 ಅಂತಲೇ ಬರುತ್ತದೆ, ಅಂಕಿ ಅಲುಗುವುದೇ ಇಲ್ಲ. ಚೀಲ ನಲವತ್ತೂವರೆ ಇದ್ದರೆ ಅರ್ಧ ಸಲ 40, ಅರ್ಧ ಸಲ 41, ಅಂದರೆ ಜೋರು ಅಲುಗಾಟ. ಸರಾಸರಿ ಸರಿ ಇದ್ದರೂ ಅಲುಗಾಟ ಚೀಲದ ತೂಕಕ್ಕೆ ತಕ್ಕ ಹಾಗೆ ಬದಲಾಗುತ್ತಿದೆ. ದನಿಯ ಭಾಷೆಯಲ್ಲಿ ಹೇಳಿದರೆ, ಶ್ ಅನ್ನುವುದು ತಂಬೂರಿಯ ಜೊತೆ ಏರಿಳಿಯುತ್ತದೆ. ಇಂಥದ್ದೇ ಎರಡು ಕಲ್ಲು ಒಟ್ಟಿಗೆ ಇಟ್ಟರೆ ಈ ದೋಷ ಹೋಗುತ್ತದೆ. ಚೀಲ ಎಷ್ಟೇ ತೂಗಲಿ, ಅಲುಗಾಟ ಒಂದೇ ಸಮ ಇರುತ್ತದೆ. ಕೂತು ಲೆಕ್ಕ ಹಾಕಿದರೆ ನಿಮಗೇ ಸಿಗುತ್ತದೆ. ಎರಡು ಕಲ್ಲಿನ ಈ ಡಿದರ್‌ಗೆ ಸಾಫ್ಟ್‌ವೇರ್‌ನಲ್ಲಿ TPDF ಅಥವಾ Triangular ಅಂತ ಹೆಸರು. ಒಂದು ಕಲ್ಲಿನದು Rectangular. ಆಡಿಯೋಗೆ ಈ ಎರಡು ಕಲ್ಲಿನ ಲೆಕ್ಕವನ್ನು ಗಟ್ಟಿಯಾಗಿ ತೋರಿಸಿಕೊಟ್ಟವರು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲಿಪ್‌ಶಿಟ್ಸ್ ಮತ್ತು ವಾಂಡರ್‌ಕೂಯ್, 1980ರ ದಶಕದಲ್ಲಿ.

ಇದಕ್ಕೆ ಕೊಡುವ ಬೆಲೆ ಎಷ್ಟು? ಡಿದರ್ ಇಲ್ಲದ 16 ಬಿಟ್‌ಗಿಂತ ಶಬ್ದ ಸುಮಾರು 5 ಡಿಬಿ ಜಾಸ್ತಿಯಾಗುತ್ತದೆ. ಆದರೂ ಅದು ಅತಿ ಜೋರಿನ ದನಿಗಿಂತ 93 ಡಿಬಿ ಕೆಳಗಿರುತ್ತದೆ. ಮನೆಯಲ್ಲಿ ಗಾಯಕರ ತಾರ ಸ್ಥಾಯಿ 100 ಡಿಬಿ ಬರುವಷ್ಟು ಜೋರಾಗಿ ಹಚ್ಚಿದರೂ ಡಿದರ್‌ನ ಶಬ್ದ 7 ಡಿಬಿ ಆಸುಪಾಸು. ಫ್ಯಾನಿನ ಸದ್ದು ಅದಕ್ಕಿಂತ ಎಷ್ಟೋ ಮೇಲೆ. ಗದ್ದಲ ಬೇಡ ಅಂದವರಿಗೆ ಈ ಅಂಕಿ ತೋರಿಸಿ.

ಇನ್ನು ಹಾಕುವ ಜಾಗ. ಡಿದರ್ ಒಂದೇ ಸಲ, ಎಲ್ಲಕ್ಕಿಂತ ಕೊನೆಗೆ. ಸ್ಯಾಂಪಲ್ ರೇಟ್ ಇಳಿಸುವುದು, ಲೆವೆಲ್ ಸರಿಮಾಡುವುದು, ಫೇಡ್, ಎಲ್ಲ ಮುಗಿದ ಮೇಲೆ. ಇದರಲ್ಲಿ ನಾನೇ ಎಡವಿದ್ದೇನೆ. ವರ್ಷಗಳ ಹಿಂದೆ ಧಾರವಾಡದಲ್ಲಿ ಒಂದು ಸಿತಾರ್ ರೆಕಾರ್ಡಿಂಗ್ ಮುಗಿಸುವಾಗ ಮಾಸ್ಟರ್ ಟ್ರ್ಯಾಕ್‌ನಲ್ಲಿ ಡಿದರ್ ಪ್ಲಗಿನ್ ಕೊನೆಯದಾಗಿಯೇ ಇತ್ತು. ಆದರೆ ಫೇಡ್ ಅನ್ನು ಮಾಸ್ಟರ್ ಫೇಡರ್‌ನಿಂದ ಎಳೆದಿದ್ದೆ. ಆ ಸಾಫ್ಟ್‌ವೇರ್‌ನಲ್ಲಿ ಪ್ಲಗಿನ್ ಮೊದಲು, ಫೇಡರ್ ಆಮೇಲೆ. ಹಾಗಾಗಿ ಡಿದರ್‌ನ ಶಬ್ದವೂ ಫೇಡರ್ ಜೊತೆ ಇಳಿದು, ಕೊನೆಯಲ್ಲಿ ನಿಮ್ಮದೇ ಕರಕರ ಬಂತು. ಕಲಾವಿದರ ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದಾಗ ಅವರೇ ಹಿಡಿದರು. ಅವತ್ತು ನನಗಾದ ನೋವು ಇವತ್ತಿಗೂ ಇದೆ. ಅಂದಿನಿಂದ ಫೇಡ್ ಎಲ್ಲ ಮುಗಿಸಿ, 32 ಬಿಟ್ ಫ್ಲೋಟ್ ಅಥವಾ 24 ಬಿಟ್ ಫೈಲ್ ಬರೆದಿಟ್ಟುಕೊಂಡು, ಇಳಿಸುವ ಕೆಲಸವನ್ನು ಬೇರೆಯಾಗಿಯೇ ಮಾಡುತ್ತೇನೆ. ಅದಕ್ಕೆ ಬಳಸುವುದು ಉಚಿತವಾಗಿ ಸಿಗುವ SoX:

```
sox master.wav -b 24 temp.wav gain -1 rate -v 44100
sox temp.wav -b 16 cd.wav dither
```

ಮೊದಲ ಸಾಲು 96ರಿಂದ 44.1ಕ್ಕೆ ಇಳಿಸುತ್ತದೆ, ಬಿಟ್ ಮಾತ್ರ 24ರಲ್ಲೇ ಉಳಿಯುತ್ತದೆ. ಎರಡನೇ ಸಾಲು ಎರಡು ಕಲ್ಲಿನ ಡಿದರ್ ಹಾಕಿ 16ಕ್ಕೆ ತರುತ್ತದೆ. ಒಂದೇ ಸಾಲಿನಲ್ಲೂ ಮಾಡಬಹುದು. ಆದರೆ ನಡುವಿನ temp.wav ಪರೀಕ್ಷೆಗೆ ಬೇಕಾಗುತ್ತದೆ. ನೀವು Audacity ಬಳಸುತ್ತಿದ್ದರೆ Preferences ಒಳಗೆ Quality ಪುಟದಲ್ಲಿ Dither ಯಾವುದಿದೆ ನೋಡಿ. None ಇದ್ದರೆ Triangle ಮಾಡಿ. ffmpeg ಬಳಸುವವರು ಜ್ಞಾಪಕ ಇಡಬೇಕಾದ್ದು, ಅದು ನೀವು ಕೇಳದ ಹೊರತು ಡಿದರ್ ಹಾಕುವುದಿಲ್ಲ.

ಆ gain -1 ಯಾಕೆ ಅಂತ ಕೇಳಬಹುದು. ಸ್ಯಾಂಪಲ್ ರೇಟ್ ಬದಲಿಸಿದಾಗ ಹೊಸ ಸ್ಯಾಂಪಲ್‌ಗಳು ಅಲೆಯ ಮೇಲೆ ಬೇರೆ ಜಾಗದಲ್ಲಿ ಬೀಳುತ್ತವೆ. ಹಳೆಯ ಸ್ಯಾಂಪಲ್‌ಗಳ ನಡುವೆ ಅಡಗಿದ್ದ ತುದಿ ಈಗ ನೇರ ಸಿಗಬಹುದು. ಲಿಮಿಟರ್‌ನಿಂದ ಸೊನ್ನೆ ಡಿಬಿಗೆ ಒತ್ತಿ ನಿಲ್ಲಿಸಿದ ಮಾಸ್ಟರ್ ಆದರೆ ಆ ತುದಿ ಸೊನ್ನೆ ದಾಟಿ ಕತ್ತರಿಸಿ ಹೋಗುತ್ತದೆ. ತಬಲಾ ಪೆಟ್ಟಿನಲ್ಲಿ ಟಕ್ ಅಂತ ಕೇಳಿಸುತ್ತದೆ. ಒಂದು ಡಿಬಿ ಜಾಗ ಬಿಟ್ಟರೆ ಸಾಮಾನ್ಯವಾಗಿ ಸಾಕು. SoX ಕ್ಲಿಪ್ಪಿಂಗ್ ಎಚ್ಚರಿಕೆ ತೋರಿಸಿದರೆ ಇನ್ನೊಂದು ಡಿಬಿ ಇಳಿಸಿ.

ಈಗ ಭಜನೆಯ ತಾಳ. ಇದಕ್ಕೂ ಡಿದರ್‌ಗೂ ಸಂಬಂಧ ಇಲ್ಲ, ಇದು ರೇಟ್ ಇಳಿಸುವಾಗ ಆದ ತಪ್ಪು. ಕಂಚಿನ ತಾಳ ಹೊಡೆದಾಗ ನಮ್ಮ ಕಿವಿಗೆ ಕೇಳಿಸದಷ್ಟು ಮೇಲಿನ ಸ್ವರಗಳೂ ಏಳುತ್ತವೆ. 96 ಕಿಲೋಹರ್ಟ್ಸ್ ರೆಕಾರ್ಡಿಂಗ್ 48 ಕಿಲೋಹರ್ಟ್ಸ್ ತನಕ ಹಿಡಿದಿಡುತ್ತದೆ. 44.1ರ ಫೈಲ್ 22.05ಕ್ಕಿಂತ ಮೇಲಿನದನ್ನು ಹಿಡಿಯಲಾರದು. ಆದ್ದರಿಂದ ಇಳಿಸುವ ಮೊದಲು ಮೇಲಿನದೆಲ್ಲವನ್ನೂ ಫಿಲ್ಟರ್ ಹಾಕಿ ತೆಗೆಯಬೇಕು. ತೆಗೆಯದಿದ್ದರೆ ಅದು ಸುಮ್ಮನೆ ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬರುತ್ತದೆ. 44.1ರಿಂದ ಕಳೆದರೆ ಎಲ್ಲಿಗೆ ಬರುತ್ತದೆ ಅಂತ ಗೊತ್ತಾಗುತ್ತದೆ. 30 ಕಿಲೋಹರ್ಟ್ಸ್‌ನಲ್ಲಿ ಇದ್ದದ್ದು 14.1ಕ್ಕೆ ಇಳಿಯುತ್ತದೆ. ಅದು ಕಿವಿಗೆ ಚೆನ್ನಾಗಿ ಕೇಳಿಸುವ ಜಾಗ. ಆ ಸ್ವರಕ್ಕೂ ತಾಳದ ಮೂಲ ಸ್ವರಗಳಿಗೂ ಯಾವ ಹೊಂದಿಕೆಯೂ ಇರುವುದಿಲ್ಲ, ಅದಕ್ಕೇ ಅದು ಹಿಂದೆ ನಿಂತ ಬೇರೆ ಯಾವುದೋ ಲೋಹದ ಹಾಗೆ ಕೇಳಿಸುತ್ತದೆ. ತಂಬೂರಿಯಲ್ಲಿ ಅಷ್ಟು ಮೇಲೆ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಖಯಾಲ್‌ನಲ್ಲಿ ನಿಮಗೆ ಇದು ಗೊತ್ತಾಗಲಿಲ್ಲ.

ನಿಮ್ಮ ಸಾಫ್ಟ್‌ವೇರ್ ಸರಿಯೋ ಅಲ್ಲವೋ ನೋಡಲು ಏರುತ್ತಾ ಹೋಗುವ ಒಂದು ಸ್ವರ ಮಾಡಿಕೊಳ್ಳಿ:

```
sox -r 96000 -n -b 24 sweep.wav synth 20 sine 20:40000 gain -6
```

ಇದನ್ನು ನೀವು ಈಗ ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲೇ 44.1ಕ್ಕೆ ಇಳಿಸಿ, sweep44.wav ಅಂತ ಉಳಿಸಿ, ಚಿತ್ರ ತೆಗೆಯಿರಿ:

```
sox sweep44.wav -n spectrogram -o sweep44.png
```

ಸರಿ ಇದ್ದರೆ ಓರೆ ಗೆರೆ 11ನೇ ಸೆಕೆಂಡಿನ ಹತ್ತಿರ ಚಿತ್ರದ ಮೇಲಂಚಿಗೆ ಹೋಗಿ ಮುಗಿಯುತ್ತದೆ, ಉಳಿದ 9 ಸೆಕೆಂಡ್ ಖಾಲಿ. ತಪ್ಪಿದ್ದರೆ ಗೆರೆ ಮೇಲಂಚಿಗೆ ಬಡಿದು ವಾಪಸ್ ಇಳಿಯುತ್ತದೆ, 20ನೇ ಸೆಕೆಂಡಿಗೆ 4 ಕಿಲೋಹರ್ಟ್ಸ್ ತನಕ ಬರುತ್ತದೆ. ಹೀಗೆ ಕಂಡರೆ ಸೆಟ್ಟಿಂಗ್‌ನಲ್ಲಿ Fast ಅಥವಾ Linear ಅಂತ ಇದೆಯೇ ನೋಡಿ, ಇರುವುದರಲ್ಲಿ ಅತಿ ಒಳ್ಳೆಯ ಗುಣಮಟ್ಟ ಆರಿಸಿ. ಮುಂದೆ 88.2ರಲ್ಲೇ ರೆಕಾರ್ಡ್ ಮಾಡಿ, ಅರ್ಧ ಮಾಡುವುದು ಸುಲಭ ಅಂತ ಯಾರಾದರೂ ಹೇಳಬಹುದು. 96ರಲ್ಲಿ ಪ್ರತಿ 320 ಸ್ಯಾಂಪಲ್‌ಗೆ 147 ಮಾಡಬೇಕು, ನಿಜ. ಆದರೆ ಒಳ್ಳೆಯ ರೀಸ್ಯಾಂಪ್ಲರ್‌ಗೆ ಎರಡೂ ಒಂದೇ. ಅದಕ್ಕಾಗಿ ನಿಮ್ಮ ರೂಢಿ ಬದಲಿಸಬೇಡಿ.

ಸಾಫ್ಟ್‌ವೇರ್‌ನಲ್ಲಿ Noise shaping ಅಂತ ಒಂದು ಆಯ್ಕೆ ಕಾಣುತ್ತದೆ. ಅದು ಡಿದರ್‌ನ ಶಬ್ದವನ್ನು ಕಿವಿ ಮಂದವಾಗಿರುವ ಮೇಲಿನ ಕಡೆಗೆ ದಬ್ಬುತ್ತದೆ. ಒಟ್ಟು ಶಬ್ದ ಜಾಸ್ತಿಯಾಗುತ್ತದೆ, ಆದರೆ ಕಡಿಮೆ ಕೇಳಿಸುತ್ತದೆ. ಸಿಡಿ ನಿಮ್ಮ ಕೈಯಿಂದ ನೇರ ಕೇಳುಗರಿಗೆ ಹೋಗುವುದಾದರೆ ಬಳಸಬಹುದು. ಆಮೇಲೆ ಯಾರಾದರೂ ಆ ಫೈಲಿನ ವಾಲ್ಯೂಮ್ ಏರಿಸಿದರೆ, ಮತ್ತೊಮ್ಮೆ ಶೇಪಿಂಗ್ ಹಾಕಿದರೆ, ಆ ಮೇಲಿನ ಶಬ್ದವೆಲ್ಲ ಗುಡ್ಡೆಯಾಗುತ್ತದೆ. ನಾನು ಸಾದಾ TPDFಗೇ ನಿಲ್ಲುತ್ತೇನೆ, ಖಯಾಲ್‌ಗೂ ಅದು ಸಾಲುತ್ತದೆ. ಎಂಪಿ3 ಮಾಡುವಾಗ 16 ಬಿಟ್ ಫೈಲ್ ಕೊಡಲೇಬೇಡಿ, 24 ಬಿಟ್‌ನಿಂದಲೇ ಮಾಡಿ.

ಕೊನೆಗೆ ಪರೀಕ್ಷೆ. 24 ಬಿಟ್‌ನ temp.wavನಿಂದ 16 ಬಿಟ್‌ನ cd.wav ಅನ್ನು ಕಳೆದು, ಉಳಿದದ್ದನ್ನು 50 ಡಿಬಿ ಏರಿಸಿ ಕೇಳಿ:

```
sox -m -v 1 temp.wav -v -1 cd.wav -b 24 diff.wav gain 50
```

ಮೊದಲ ಸಲ ವಾಲ್ಯೂಮ್ ತೀರಾ ಕಡಿಮೆ ಇಟ್ಟು ಹಚ್ಚಿ. ಎರಡು ಫೈಲ್‌ನಲ್ಲಿ ಲೆವೆಲ್ ಏನಾದರೂ ಬೇರೆ ಇದ್ದರೆ ಗಾಯನವೇ ಜೋರಾಗಿ ಬಂದು ಕಿವಿಗೆ ಬಡಿಯುತ್ತದೆ. ಎಲ್ಲ ಸರಿ ಇದ್ದರೆ ಮೊದಲಿನಿಂದ ಕೊನೆ ತನಕ ಒಂದೇ ಸಮನಾದ ಶ್ ಮಾತ್ರ, ಮಳೆ ಹಿಡಿದ ಹಾಗೆ. ಫೇಡ್‌ಔಟ್ ಜಾಗದಲ್ಲಿ ಜಾಸ್ತಿ ಗಮನ ಕೊಡಿ. ಅಲ್ಲಿ ಶ್ ಏರಿಳಿದರೆ ಡಿದರ್ ಸರಿ ಬಿದ್ದಿಲ್ಲ. ಶ್ ನಡುವೆ ಹಠಾತ್ತನೆ ನಿಂತರೆ ನಿಶ್ಶಬ್ದ ಬಂದಾಗ ಡಿದರ್ ತಾನೇ ಆಫ್ ಆಗುವ ಸೆಟ್ಟಿಂಗ್ ಎಲ್ಲೋ ಇದೆ, ಅದನ್ನು ತೆಗೆಯಿರಿ. ಈಗಾಗಲೇ ಮಾಡಿದ ಸಿಡಿಯ ತಪ್ಪು ಕೇಳಬೇಕಿದ್ದರೆ ಅದೇ temp.wavನಿಂದ ಡಿದರ್ ಇಲ್ಲದ ಇನ್ನೊಂದು ಪ್ರತಿ ಮಾಡಿ ಹೀಗೇ ಕಳೆಯಿರಿ:

```
sox -D temp.wav -b 16 cd-nodither.wav
```

ಕೊನೆಯ ಕೆಲವು ಸೆಕೆಂಡ್‌ಗಳಲ್ಲಿ ಶ್ ಬದಲು ತಂಬೂರಿಯೇ ಕೇಳಿಸುತ್ತದೆ, ಪಂಚಮ, ಷಡ್ಜ, ಖರ್ಜ ಎಲ್ಲ ಸ್ಪಷ್ಟವಾಗಿ. ಅದು ಸಿಡಿಗೆ ಹೋಗದೆ ಹಿಂದೆ ಉಳಿದ ತಂಬೂರಿ.